ಲ್ಯೂಸಿಫರೇಸ್ ರಿಪೋರ್ಟರ್ ಪರೀಕ್ಷೆ

ಲ್ಯೂಸಿಫರೇಸ್ ರಿಪೋರ್ಟರ್ ಪರೀಕ್ಷೆಯು ಡಿಎನ್‌ಎಯ ಒಂದು ತುಣುಕಿಗೆ ಜೀನ್‌ನ ಅಭಿವ್ಯಕ್ತಿಯನ್ನು ನಡೆಸುವ ಶಕ್ತಿ ಇದೆಯೇ, ಇದ್ದರೆ ಎಷ್ಟು ಎಂಬುದನ್ನು ಬೆಳಕಿನ ಪ್ರಮಾಣದಿಂದ ಅಳೆಯುವ ಅಣುಜೀವವಿಜ್ಞಾನದ ವಿಧಾನವಾಗಿದೆ. ಪರೀಕ್ಷಿಸಬೇಕಾದ ತುಣುಕನ್ನು ಮಿಂಚುಹುಳುವಿನ ಲ್ಯೂಸಿಫರೇಸ್ ಜೀನ್‌ನ ಮುಂದೆ ಜೋಡಿಸಿ ಜೀವಕೋಶಗಳೊಳಗೆ ಸೇರಿಸಲಾಗುತ್ತದೆ. ಆ ತುಣುಕು ಪ್ರತಿಲೇಖನವನ್ನು ಪ್ರಚೋದಿಸಿದರೆ ಕೋಶವು ಲ್ಯೂಸಿಫರೇಸ್ ಕಿಣ್ವವನ್ನು ತಯಾರಿಸುತ್ತದೆ ಮತ್ತು ಕೋಶಗಳನ್ನು ಒಡೆದು ತಲಾಧಾರವನ್ನು ಬೆರೆಸಿದಾಗ ಬೆಳಕು ಹೊಮ್ಮುತ್ತದೆ. ಬೆಳಕು ನೇರವಾಗಿ ತಿಳಿಸುವುದು ಕಿಣ್ವದ ಪ್ರಮಾಣವನ್ನು ಮಾತ್ರ. ಅದು ಆ ತುಣುಕಿನಿಂದಲೇ ಉಂಟಾಯಿತು ಎಂದು ಹೇಳಲು ಬೇರೆ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕುವ ಕಂಟ್ರೋಲ್‌ಗಳು ಅಗತ್ಯ. ಈ ಲೇಖನವು ಭಾರತದಲ್ಲಿ ಹರಡಿರುವ ಎಚ್‌ಐವಿ-1ರ ಸಿ ಉಪಪ್ರಕಾರದ ಪ್ರವರ್ತಕವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಧಾನವನ್ನು ವಿವರಿಸುತ್ತದೆ.

## ಹಿನ್ನೆಲೆ

ಪ್ರತಿಯೊಂದು ಜೀನ್‌ನ ಆರಂಭದ ಬಳಿ ಪ್ರವರ್ತಕ ಎಂಬ ಡಿಎನ್‌ಎ ಭಾಗವಿರುತ್ತದೆ. ಪ್ರತಿಲೇಖನ ಅಂಶಗಳು ಎಂಬ ಪ್ರೋಟೀನ್‌ಗಳು ಇದರ ಮೇಲಿನ ಚಿಕ್ಕ ಚಿಕ್ಕ ತಾಣಗಳಿಗೆ ಅಂಟಿಕೊಂಡು ಆರ್‌ಎನ್‌ಎ ತಯಾರಿಕೆಯನ್ನು ಹೆಚ್ಚಿಸುತ್ತವೆ ಅಥವಾ ತಗ್ಗಿಸುತ್ತವೆ. ಇಂತಹ ತಾಣಗಳನ್ನು ಅನುಕ್ರಮವನ್ನು ಓದಿ ಗುರುತಿಸಬಹುದು. ಆದರೆ ತಾಣವಿದೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದಾಗುವುದಿಲ್ಲ. ಅದನ್ನು ತಿಳಿಯಲು ಆ ಭಾಗವನ್ನು ಸುಲಭವಾಗಿ ಅಳೆಯಬಹುದಾದ ಬೇರೊಂದು ಜೀನ್‌ಗೆ ಜೋಡಿಸಿ ನೋಡುತ್ತಾರೆ. ಹೀಗೆ ಜೋಡಿಸುವ ಜೀನ್‌ಗೆ ರಿಪೋರ್ಟರ್ ಜೀನ್ ಎಂದು ಹೆಸರು.

1980ರ ದಶಕದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿದ್ದುದು ಬ್ಯಾಕ್ಟೀರಿಯಾದ ಕ್ಲೋರಾಂಫೆನಿಕಾಲ್ ಅಸಿಟೈಲ್ ಟ್ರಾನ್ಸ್‌ಫರೇಸ್ ಜೀನ್. ಅದರ ಅಳತೆಗೆ ವಿಕಿರಣಶೀಲ ವಸ್ತು ಬೇಕಾಗುತ್ತಿತ್ತು. 1985ರಲ್ಲಿ ಮಿಂಚುಹುಳುವಿನ (ಫೋಟಿನಸ್ ಪೈರಾಲಿಸ್) ಲ್ಯೂಸಿಫರೇಸ್ ಜೀನ್‌ನ ಪ್ರತಿಯನ್ನು ಬ್ಯಾಕ್ಟೀರಿಯಾದಲ್ಲಿ ಪಡೆಯಲಾಯಿತು. 1986ರಲ್ಲಿ ಅದನ್ನು ತಂಬಾಕು ಗಿಡದಲ್ಲಿಯೂ 1987ರಲ್ಲಿ ಸಸ್ತನಿಗಳ ಜೀವಕೋಶಗಳಲ್ಲಿಯೂ ಅಭಿವ್ಯಕ್ತಗೊಳಿಸಲಾಯಿತು. ಸಸ್ತನಿಗಳ ಕೋಶಗಳಲ್ಲಿ ಸಹಜವಾಗಿ ಲ್ಯೂಸಿಫರೇಸ್ ಇರುವುದಿಲ್ಲವಾದ್ದರಿಂದ ಹಿನ್ನೆಲೆಯ ಬೆಳಕು ಅತ್ಯಲ್ಪ. ಇದೇ ಈ ವಿಧಾನದ ಸೂಕ್ಷ್ಮತೆಗೆ ಕಾರಣ.

## ಬೆಳಕು ಹುಟ್ಟುವ ಬಗೆ

ಮಿಂಚುಹುಳುವಿನ ಲ್ಯೂಸಿಫರೇಸ್ ಸುಮಾರು 61 ಕಿಲೋಡಾಲ್ಟನ್ ತೂಕದ ಕಿಣ್ವ. ಅದು ಲ್ಯೂಸಿಫೆರಿನ್ ಎಂಬ ವಸ್ತುವನ್ನು ಎಟಿಪಿ, ಮೆಗ್ನೀಸಿಯಮ್ ಮತ್ತು ಆಮ್ಲಜನಕದ ನೆರವಿನಿಂದ ಉತ್ಕರ್ಷಿಸಿ ಹಳದಿ-ಹಸಿರು ಬೆಳಕನ್ನು ಹೊಮ್ಮಿಸುತ್ತದೆ. ಲ್ಯೂಸಿಫೆರಿನ್ ಮತ್ತು ಎಟಿಪಿ ಸಾಕಷ್ಟಿರುವಾಗ ಬೆಳಕಿನ ಪ್ರಮಾಣವು ಕಿಣ್ವದ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆ.

ಸಮುದ್ರಜೀವಿಯಾದ ರೆನಿಲ್ಲಾದಲ್ಲಿ ಇನ್ನೊಂದು ಬಗೆಯ ಲ್ಯೂಸಿಫರೇಸ್ ಇದೆ. ಅದರ ತಲಾಧಾರ ಸೀಲೆಂಟರಜೀನ್. ಅದಕ್ಕೆ ಎಟಿಪಿ ಬೇಕಿಲ್ಲ ಮತ್ತು ಅದರ ಬೆಳಕು ನೀಲಿ. ಎರಡು ಕಿಣ್ವಗಳ ತಲಾಧಾರಗಳು ಬೇರೆ ಬೇರೆಯಾಗಿರುವುದರಿಂದ ಒಂದೇ ಮಾದರಿಯಲ್ಲಿ ಮೊದಲು ಮಿಂಚುಹುಳುವಿನ ಕಿಣ್ವವನ್ನು ಅಳೆದು, ಬಳಿಕ ಆ ಬೆಳಕನ್ನು ಆರಿಸಿ, ರೆನಿಲ್ಲಾ ಕಿಣ್ವವನ್ನು ಅಳೆಯಬಹುದು. ಇದನ್ನು ಜೋಡಿ ಲ್ಯೂಸಿಫರೇಸ್ ಪರೀಕ್ಷೆ ಎನ್ನುತ್ತಾರೆ.

## ಉದಾಹರಣೆ: ಎಚ್‌ಐವಿ-1 ಸಿ ಉಪಪ್ರಕಾರದ ನಾಲ್ಕನೆಯ ತಾಣ

ಎಚ್‌ಐವಿಯ ಪ್ರವರ್ತಕವು ವೈರಸ್‌ನ ಜೀನೋಮ್‌ನ ತುದಿಯಲ್ಲಿರುವ ದೀರ್ಘ ಪುನರಾವರ್ತಿತ ಭಾಗದಲ್ಲಿದೆ. ಇದನ್ನು ಎಲ್‌ಟಿಆರ್ ಎಂದು ಕರೆಯುತ್ತಾರೆ. ಇದರಲ್ಲಿ ಎನ್‌ಎಫ್-ಕಪ್ಪಾಬಿ ಎಂಬ ಪ್ರತಿಲೇಖನ ಅಂಶವು ಅಂಟಿಕೊಳ್ಳುವ ಹತ್ತು ಅಕ್ಷರಗಳ ತಾಣಗಳಿವೆ. ಅವುಗಳ ಸಾಮಾನ್ಯ ರೂಪ `GGGACTTTCC`. ವೈರಸ್‌ನ ಬಿ ಉಪಪ್ರಕಾರದಲ್ಲಿ ಇಂತಹ ಎರಡು ತಾಣಗಳಿದ್ದರೆ, ಭಾರತದಲ್ಲಿ ಪ್ರಧಾನವಾಗಿರುವ ಸಿ ಉಪಪ್ರಕಾರದಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ಪ್ರಯೋಗಾಲಯವು ಸಹಯೋಗಿಗಳೊಂದಿಗೆ 2012ರಲ್ಲಿ ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಭಾರತದಲ್ಲಿ ಪ್ರವರ್ತಕ ಬದಲಾದ ಸಿ ಉಪಪ್ರಕಾರದ ತಳಿಗಳು ಹಿಂದಿನ ಒಂದು ದಶಕದಿಂದ ಹೆಚ್ಚುತ್ತಿವೆ ಎಂದೂ, ಅವುಗಳಲ್ಲಿ ಒಂದು ಬಗೆಯಲ್ಲಿ ನಾಲ್ಕನೆಯ ಎನ್‌ಎಫ್-ಕಪ್ಪಾಬಿ ತಾಣವಿದೆ ಎಂದೂ ಅದು ವರದಿ ಮಾಡಿತು. ಆ ತಾಣವು ಪ್ರವರ್ತಕವನ್ನು ಬಲಪಡಿಸುತ್ತದೆ ಎಂಬುದು ಅಧ್ಯಯನದ ಮುಖ್ಯ ನಿರ್ಣಯಗಳಲ್ಲಿ ಒಂದು.

ಹೆಚ್ಚುವರಿ ತಾಣವು ನಿಜವಾಗಿ ಅಭಿವ್ಯಕ್ತಿಯನ್ನು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಯನ್ನು ಲ್ಯೂಸಿಫರೇಸ್ ಪರೀಕ್ಷೆಯಿಂದ ಹೇಗೆ ಕೇಳಬಹುದು ಎಂಬುದನ್ನು ಮುಂದೆ ವಿವರಿಸಲಾಗಿದೆ. ಕೆಳಗಿನ ವಿನ್ಯಾಸ ಮತ್ತು ಅಂಕಿಗಳು ವಿಧಾನವನ್ನು ತೋರಿಸಲು ರಚಿಸಿದವು. ಅವು ಮೇಲಿನ ಅಧ್ಯಯನದ ದತ್ತಾಂಶವಲ್ಲ.

## ಪ್ಲಾಸ್ಮಿಡ್‌ಗಳ ರಚನೆ

ಈ ಪ್ರಶ್ನೆಗೆ ಮಿಂಚುಹುಳುವಿನ ಲ್ಯೂಸಿಫರೇಸ್ ಹೊತ್ತ ನಾಲ್ಕು ಪ್ಲಾಸ್ಮಿಡ್‌ಗಳು ಬೇಕು. ಪ್ರತಿಯೊಂದೂ ಒಂದು ನಿರ್ದಿಷ್ಟ ಸಂದೇಹವನ್ನು ಪರಿಹರಿಸುತ್ತದೆ.

ಪ್ರವರ್ತಕವಿಲ್ಲದ ಪ್ಲಾಸ್ಮಿಡ್. ಇದರಲ್ಲಿ ಲ್ಯೂಸಿಫರೇಸ್ ಜೀನ್ ಇದೆ, ಅದರ ಮುಂದೆ ಪ್ರವರ್ತಕವಿಲ್ಲ. ಪ್ಲಾಸ್ಮಿಡ್‌ನ ಉಳಿದ ಭಾಗದಿಂದಲೇ ಎಷ್ಟು ಬೆಳಕು ಸೋರುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಪ್ಲಾಸ್ಮಿಡ್‌ನ ಬೆನ್ನೆಲುಬಿನಲ್ಲಿಯೂ ಪ್ರತಿಲೇಖನ ಅಂಶಗಳು ಅಂಟಬಲ್ಲ ತಾಣಗಳು ಆಕಸ್ಮಿಕವಾಗಿ ಇರುವುದುಂಟು. ಆದ್ದರಿಂದ ಈ ಪ್ಲಾಸ್ಮಿಡ್ ಇರುವ ಕೋಶಗಳನ್ನೂ ಪ್ರಚೋದಕಕ್ಕೆ ಒಡ್ಡಿ ನೋಡಬೇಕು.

ನಾಲ್ಕು ತಾಣಗಳ ಎಲ್‌ಟಿಆರ್. ಇದು ಪರೀಕ್ಷೆಗೆ ಒಳಗಾಗುವ ಮೂಲ ರೂಪ.

ನಾಲ್ಕನೆಯ ತಾಣ ಮಾತ್ರ ಕೆಟ್ಟಿರುವ ಎಲ್‌ಟಿಆರ್. ಇಲ್ಲಿ ಆ ತಾಣವನ್ನು ಕತ್ತರಿಸಿ ತೆಗೆಯುವುದಿಲ್ಲ. ಕತ್ತರಿಸಿದರೆ ಎಲ್‌ಟಿಆರ್‌ನ ಉದ್ದವೂ ಅಕ್ಕಪಕ್ಕದ ತಾಣಗಳ ನಡುವಿನ ಅಂತರವೂ ಬದಲಾಗುತ್ತವೆ. ಬೆಳಕು ಕಡಿಮೆಯಾದರೆ ಅದಕ್ಕೆ ತಾಣದ ನಷ್ಟ ಕಾರಣವೋ ಅಂತರದ ಬದಲಾವಣೆ ಕಾರಣವೋ ತಿಳಿಯುವುದಿಲ್ಲ. ಅದರ ಬದಲು ತಾಣದ ಆರಂಭದ ಕೆಲವೇ ಅಕ್ಷರಗಳನ್ನು ಬದಲಾಯಿಸುತ್ತಾರೆ. ಸಾಮಾನ್ಯ ರೂಪದ ತಾಣದಲ್ಲಿ ಈ ಬದಲಾವಣೆ ಹೀಗಿರುತ್ತದೆ:

```
GGGACTTTCC   ಕೆಲಸ ಮಾಡುವ ತಾಣ
CTCACTTTCC   ಕೆಡಿಸಿದ ತಾಣ
```

ಮೊದಲ ಮೂರು ಸ್ಥಾನಗಳು ಎನ್‌ಎಫ್-ಕಪ್ಪಾಬಿಯ ಹಿಡಿತಕ್ಕೆ ಮುಖ್ಯವಾದವು. ಅಲ್ಲಿ `GGG` ಬದಲು `CTC` ಬಂದರೆ ಪ್ರೋಟೀನ್ ಅಂಟುವುದಿಲ್ಲ. ತುಣುಕಿನ ಉದ್ದ ಮಾತ್ರ ಹಾಗೆಯೇ ಉಳಿಯುತ್ತದೆ. ಬದಲಾವಣೆಯಿಂದ ಬೇರೊಂದು ಅಂಶಕ್ಕೆ ಹೊಸ ತಾಣ ಹುಟ್ಟಿಲ್ಲವೆಂದು ಅನುಕ್ರಮವನ್ನು ಹುಡುಕಿ ಖಚಿತಪಡಿಸಿಕೊಳ್ಳಬೇಕು.

ಎಲ್ಲ ಎನ್‌ಎಫ್-ಕಪ್ಪಾಬಿ ತಾಣಗಳೂ ಕೆಟ್ಟಿರುವ ಎಲ್‌ಟಿಆರ್. ಎಲ್‌ಟಿಆರ್‌ನಲ್ಲಿ ಎಸ್‌ಪಿ1 ಎಂಬ ಇನ್ನೊಂದು ಅಂಶದ ತಾಣಗಳೂ ಇರುವುದರಿಂದ ಈ ಪ್ಲಾಸ್ಮಿಡ್ ಸ್ವಲ್ಪ ಬೆಳಕನ್ನು ಕೊಡುತ್ತದೆ. ಪ್ರಚೋದಕವನ್ನು ಸೇರಿಸಿದಾಗ ಅದು ಹೆಚ್ಚಾಗಬಾರದು. ಹೆಚ್ಚಾದರೆ ಪ್ರಚೋದಕವು ಎನ್‌ಎಫ್-ಕಪ್ಪಾಬಿಯ ಹೊರತಾದ ದಾರಿಯಿಂದಲೂ ಕೆಲಸ ಮಾಡುತ್ತಿದೆ ಎಂದರ್ಥ.

ತಾಣ ಬದಲಾಯಿಸಿದ ಪ್ರತಿಯೊಂದು ಪ್ಲಾಸ್ಮಿಡ್‌ನ ಇಡೀ ಎಲ್‌ಟಿಆರ್ ಭಾಗದ ಅನುಕ್ರಮವನ್ನು ಓದಿಸಬೇಕು. ಪಿಸಿಆರ್‌ನಲ್ಲಿ ಬೇರೆಡೆ ಉಂಟಾದ ಒಂದು ಅಕ್ಷರದ ತಪ್ಪೂ ಫಲಿತಾಂಶವನ್ನು ಕೆಡಿಸಬಲ್ಲದು.

## ಪ್ರಯೋಗದ ಕ್ರಮ

24 ಕುಳಿಗಳ ತಟ್ಟೆಯ ಪ್ರತಿ ಕುಳಿಯಲ್ಲಿ ಸುಮಾರು ಒಂದು ಲಕ್ಷ ಎಚ್‌ಇಕೆ293 ಕೋಶಗಳನ್ನು ಬೆಳೆಸಲಾಗುತ್ತದೆ. ಮರುದಿನ ಪ್ರತಿ ಕುಳಿಗೆ ಪರೀಕ್ಷಾ ಪ್ಲಾಸ್ಮಿಡ್ 400 ನ್ಯಾನೋಗ್ರಾಂ ಮತ್ತು ರೆನಿಲ್ಲಾ ಲ್ಯೂಸಿಫರೇಸ್ ಹೊತ್ತ ಪ್ಲಾಸ್ಮಿಡ್ 20 ನ್ಯಾನೋಗ್ರಾಂ ಸೇರಿಸಲಾಗುತ್ತದೆ. ಎಲ್ಲ ಕುಳಿಗಳಲ್ಲಿಯೂ ಡಿಎನ್‌ಎಯ ಒಟ್ಟು ಪ್ರಮಾಣ ಒಂದೇ ಆಗಿರಬೇಕು. ಡಿಎನ್‌ಎ ಕೋಶದೊಳಗೆ ಸೇರುವ ಕ್ರಿಯೆಗೆ ಟ್ರಾನ್ಸ್‌ಫೆಕ್ಷನ್ ಎನ್ನುತ್ತಾರೆ. ಎಷ್ಟೇ ಎಚ್ಚರವಹಿಸಿದರೂ ಇದು ಒಂದು ಕುಳಿಯಿಂದ ಇನ್ನೊಂದಕ್ಕೆ ವ್ಯತ್ಯಾಸವಾಗುತ್ತದೆ. ರೆನಿಲ್ಲಾ ಪ್ಲಾಸ್ಮಿಡ್ ಎಲ್ಲ ಕುಳಿಗಳಲ್ಲಿಯೂ ಸಮಪ್ರಮಾಣದಲ್ಲಿ ಇರುವುದರಿಂದ ಅದರ ಬೆಳಕು ಈ ವ್ಯತ್ಯಾಸವನ್ನು ತಿದ್ದಲು ನೆರವಾಗುತ್ತದೆ.

24 ಗಂಟೆಗಳ ನಂತರ ಅರ್ಧದಷ್ಟು ಕುಳಿಗಳಿಗೆ ಪ್ರಚೋದಕವಾಗಿ ಟಿಎನ್‌ಎಫ್-ಆಲ್ಫಾ ಪ್ರೋಟೀನನ್ನು ಮಿಲಿಲೀಟರಿಗೆ 10 ನ್ಯಾನೋಗ್ರಾಂ ಪ್ರಮಾಣದಲ್ಲಿ ಹಾಕಲಾಗುತ್ತದೆ. ಉಳಿದವುಗಳಿಗೆ ಅದನ್ನು ಕರಗಿಸಿದ ದ್ರಾವಣವನ್ನು ಮಾತ್ರ ಹಾಕುತ್ತಾರೆ. ಟಿಎನ್‌ಎಫ್-ಆಲ್ಫಾ ಕೋಶದಲ್ಲಿ ಎನ್‌ಎಫ್-ಕಪ್ಪಾಬಿಯನ್ನು ಹಿಡಿದಿಟ್ಟಿರುವ ಪ್ರೋಟೀನನ್ನು ನಾಶಪಡಿಸುವ ಸಂಕೇತವನ್ನು ನೀಡುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾಬಿ ಕೋಶಕೇಂದ್ರವನ್ನು ಸೇರಿ ತನ್ನ ತಾಣಗಳಿಗೆ ಅಂಟಿಕೊಳ್ಳುತ್ತದೆ.

ಇನ್ನೂ ಸುಮಾರು 12 ಗಂಟೆಗಳ ಬಳಿಕ ಕೋಶಗಳನ್ನು ತೊಳೆದು 100 ಮೈಕ್ರೋಲೀಟರ್ ಒಡೆಯುವ ದ್ರಾವಣದಲ್ಲಿ 15 ನಿಮಿಷ ಅಲುಗಿಸಲಾಗುತ್ತದೆ. ಅದರ 20 ಮೈಕ್ರೋಲೀಟರಿಗೆ ಲ್ಯೂಸಿಫೆರಿನ್ ದ್ರಾವಣ ಬೆರೆಸಿ ಲ್ಯೂಮಿನೋಮೀಟರಿನಲ್ಲಿ 10 ಸೆಕೆಂಡು ಬೆಳಕನ್ನು ಎಣಿಸುತ್ತಾರೆ. ಬಳಿಕ ಮೊದಲ ಕ್ರಿಯೆಯನ್ನು ನಿಲ್ಲಿಸಿ ಸೀಲೆಂಟರಜೀನ್ ಒದಗಿಸುವ ಎರಡನೆಯ ದ್ರಾವಣವನ್ನು ಬೆರೆಸಿ ಮತ್ತೆ ಎಣಿಸುತ್ತಾರೆ.

## ಲೆಕ್ಕ

ಯಾವ ಪ್ಲಾಸ್ಮಿಡ್ಡೂ ಸೇರದ ಕೋಶಗಳ ಬೆಳಕನ್ನು ಎರಡೂ ಎಣಿಕೆಗಳಿಂದ ಕಳೆಯಬೇಕು. ಕಳೆದ ಮೇಲೆ ಮಿಂಚುಹುಳು ಎಣಿಕೆಯನ್ನು ಅದೇ ಕುಳಿಯ ರೆನಿಲ್ಲಾ ಎಣಿಕೆಯಿಂದ ಭಾಗಿಸಬೇಕು. ಒಂದು ದಿನದ ಪ್ರಯೋಗದ ಕಲ್ಪಿತ ಎಣಿಕೆಗಳು ಹೀಗಿವೆ:

| ಪ್ಲಾಸ್ಮಿಡ್ | ಟಿಎನ್‌ಎಫ್ | ಮಿಂಚುಹುಳು | ರೆನಿಲ್ಲಾ | ಅನುಪಾತ |
|---|---|---|---|---|
| ಪ್ರವರ್ತಕವಿಲ್ಲದ್ದು | ಇಲ್ಲ | 1,200 | 40,000 | 0.03 |
| ಪ್ರವರ್ತಕವಿಲ್ಲದ್ದು | ಇದೆ | 1,280 | 40,000 | 0.032 |
| ಎಲ್ಲ ತಾಣ ಕೆಟ್ಟದ್ದು | ಇಲ್ಲ | 8,000 | 40,000 | 0.20 |
| ಎಲ್ಲ ತಾಣ ಕೆಟ್ಟದ್ದು | ಇದೆ | 8,800 | 40,000 | 0.22 |
| ನಾಲ್ಕನೆಯದು ಮಾತ್ರ ಕೆಟ್ಟದ್ದು | ಇಲ್ಲ | 20,000 | 40,000 | 0.50 |
| ನಾಲ್ಕನೆಯದು ಮಾತ್ರ ಕೆಟ್ಟದ್ದು | ಇದೆ | 96,000 | 32,000 | 3.0 |
| ನಾಲ್ಕೂ ತಾಣ ಇರುವುದು | ಇಲ್ಲ | 31,200 | 52,000 | 0.60 |
| ನಾಲ್ಕೂ ತಾಣ ಇರುವುದು | ಇದೆ | 2,25,000 | 45,000 | 5.0 |

ಮಿಂಚುಹುಳು ಎಣಿಕೆಗಳನ್ನು ಮಾತ್ರ ನೋಡಿದರೆ ಪ್ರಚೋದನೆಯ ನಂತರ ನಾಲ್ಕು ತಾಣಗಳ ಪ್ರವರ್ತಕವು ಮೂರು ತಾಣಗಳದ್ದಕ್ಕಿಂತ 2.3 ಪಟ್ಟು ಪ್ರಬಲವಾಗಿ ಕಾಣುತ್ತದೆ. ರೆನಿಲ್ಲಾದಿಂದ ಭಾಗಿಸಿದ ಮೇಲೆ ಈ ವ್ಯತ್ಯಾಸ 5.0 ÷ 3.0, ಅಂದರೆ ಸುಮಾರು 1.7 ಪಟ್ಟಿಗೆ ಇಳಿಯುತ್ತದೆ. ಉಳಿದದ್ದು ಆ ಕುಳಿಗಳಿಗೆ ಹೆಚ್ಚು ಡಿಎನ್‌ಎ ಸೇರಿದ್ದರಿಂದ ಆದದ್ದು. ಎಲ್ಲ ತಾಣಗಳೂ ಕೆಟ್ಟಿರುವ ಪ್ಲಾಸ್ಮಿಡ್ ಪ್ರಚೋದನೆಗೆ ಹೆಚ್ಚೇನೂ ಸ್ಪಂದಿಸಿಲ್ಲ. ಪ್ರವರ್ತಕವಿಲ್ಲದ್ದೂ ಸ್ಪಂದಿಸಿಲ್ಲ. ಆದ್ದರಿಂದ ಹೆಚ್ಚಳವು ಎನ್‌ಎಫ್-ಕಪ್ಪಾಬಿ ತಾಣಗಳ ಮೂಲಕ ಬಂದಿದೆ ಎಂದೂ, ಅದರಲ್ಲಿ ನಾಲ್ಕನೆಯ ತಾಣದ ಪಾಲಿದೆ ಎಂದೂ ಹೇಳಬಹುದು.

ಒಂದೇ ದಿನದ ಮೂರು ಕುಳಿಗಳು ಮೂರು ಪ್ರಯೋಗಗಳಲ್ಲ. ಅವು ಪಿಪೆಟ್ ಹಿಡಿದ ಕೈಯ ನಿಖರತೆಯನ್ನಷ್ಟೇ ತೋರಿಸುತ್ತವೆ. ಅವುಗಳ ಸರಾಸರಿಯನ್ನು ಒಂದು ಫಲಿತಾಂಶವೆಂದು ಎಣಿಸಿ, ಬೇರೆ ಬೇರೆ ದಿನಗಳಲ್ಲಿ ಹೊಸದಾಗಿ ಬೆಳೆಸಿದ ಕೋಶಗಳಲ್ಲಿ ಕನಿಷ್ಠ ಮೂರು ಬಾರಿ ಪುನರಾವರ್ತಿಸಿದ ಬಳಿಕ ಸಂಖ್ಯಾಶಾಸ್ತ್ರೀಯ ಹೋಲಿಕೆ ಮಾಡಬೇಕು. 1.7 ಪಟ್ಟಿನಂತಹ ಸಣ್ಣ ವ್ಯತ್ಯಾಸಕ್ಕೆ ಪ್ಲಾಸ್ಮಿಡ್‌ಗಳನ್ನೂ ಎರಡು ಬಾರಿ ಪ್ರತ್ಯೇಕವಾಗಿ ತಯಾರಿಸಿ ನೋಡುವುದು ಒಳ್ಳೆಯದು. ಒಂದು ತಯಾರಿಕೆಯ ಶುದ್ಧತೆಯ ಕೊರತೆಯೇ ಅಷ್ಟು ವ್ಯತ್ಯಾಸವನ್ನು ತರಬಲ್ಲದು.

## ರೆನಿಲ್ಲಾ ಕಂಟ್ರೋಲ್‌ನ ದೋಷಗಳು

ಅನುಪಾತವನ್ನು ನಂಬಬೇಕಾದರೆ ಅದರ ಛೇದ ಸ್ಥಿರವಾಗಿರಬೇಕು. ರೆನಿಲ್ಲಾ ಜೀನ್‌ಗೂ ಒಂದು ಪ್ರವರ್ತಕ ಬೇಕು. ಪ್ರಯೋಗದ ಪ್ರಚೋದಕವು ಆ ಪ್ರವರ್ತಕವನ್ನೂ ಬದಲಾಯಿಸಿದರೆ ಲೆಕ್ಕವೇ ತಪ್ಪುತ್ತದೆ.

ಈ ಉದಾಹರಣೆಯಲ್ಲಿ ಅಪಾಯ ಸ್ಪಷ್ಟವಾಗಿದೆ. ಪ್ರಯೋಗಾಲಯಗಳಲ್ಲಿ ಬಹಳವಾಗಿ ಬಳಸುವ ಸೈಟೋಮೆಗಲೋವೈರಸ್ ಪ್ರವರ್ತಕದಲ್ಲಿಯೇ ಎನ್‌ಎಫ್-ಕಪ್ಪಾಬಿ ತಾಣಗಳಿವೆ. ರೆನಿಲ್ಲಾಕ್ಕೆ ಅದನ್ನು ಜೋಡಿಸಿದ್ದರೆ ಟಿಎನ್‌ಎಫ್-ಆಲ್ಫಾ ರೆನಿಲ್ಲಾವನ್ನೂ ಹೆಚ್ಚಿಸುತ್ತದೆ. ರೆನಿಲ್ಲಾ ಎಣಿಕೆ 40,000ದಿಂದ 1,60,000ಕ್ಕೆ ಏರಿತು ಎಂದುಕೊಳ್ಳೋಣ. ಮೂರು ತಾಣಗಳ ಪ್ರವರ್ತಕದ ಅನುಪಾತ ಪ್ರಚೋದನೆಗೆ ಮುನ್ನ 20,000 ÷ 40,000 = 0.5 ಇದ್ದರೆ, ನಂತರ 96,000 ÷ 1,60,000 = 0.6 ಆಗುತ್ತದೆ. ಮಿಂಚುಹುಳುವಿನ ಬೆಳಕು ಸುಮಾರು ಐದು ಪಟ್ಟು ಹೆಚ್ಚಾಗಿದ್ದರೂ ಎಲ್‌ಟಿಆರ್ ಟಿಎನ್‌ಎಫ್‌ಗೆ ಸ್ಪಂದಿಸುವುದೇ ಇಲ್ಲವೆಂಬ ತಪ್ಪು ತೀರ್ಮಾನ ಬರುತ್ತದೆ.

ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಅನುಪಾತ ತೆಗೆಯುವ ಮುನ್ನ ರೆನಿಲ್ಲಾ ಎಣಿಕೆಗಳನ್ನು ಪ್ರತ್ಯೇಕವಾಗಿ ನೋಡಬೇಕು. ಅವು ಕುಳಿಯಿಂದ ಕುಳಿಗೆ ಅತ್ತಿತ್ತ ಚದುರಿದ್ದರೆ ಅದು ಟ್ರಾನ್ಸ್‌ಫೆಕ್ಷನ್‌ನ ವ್ಯತ್ಯಾಸ. ಪ್ರಚೋದಕವಿರುವ ಎಲ್ಲ ಕುಳಿಗಳಲ್ಲಿಯೂ ಒಂದೇ ದಿಕ್ಕಿಗೆ ಸರಿದಿದ್ದರೆ ಕಂಟ್ರೋಲ್ ತಾನೇ ಪ್ರಚೋದಕಕ್ಕೆ ಸ್ಪಂದಿಸಿದೆ, ಅಥವಾ ಪ್ರಚೋದಕವು ಕೋಶಗಳನ್ನು ಕೊಲ್ಲುತ್ತಿದೆ. ಹರ್ಪಿಸ್ ವೈರಸ್‌ನ ಥೈಮಿಡಿನ್ ಕೈನೇಸ್ ಪ್ರವರ್ತಕದಂತಹ ದುರ್ಬಲ ಪ್ರವರ್ತಕವನ್ನು ಈ ಕೆಲಸಕ್ಕೆ ಆರಿಸುವುದು ವಾಡಿಕೆ. ಅದು ಕೂಡ ಎಲ್ಲ ಕೋಶಗಳಲ್ಲಿಯೂ ಎಲ್ಲ ಪ್ರಚೋದಕಗಳಿಗೂ ಸ್ಥಿರವೆಂದು ಮೊದಲೇ ಭಾವಿಸದೆ, ಆಯಾ ಸಂದರ್ಭದಲ್ಲಿ ಪರೀಕ್ಷಿಸಬೇಕು.

ಎರಡನೆಯ ದೋಷ ಬೆಳಕಿನ ಬೆರಕೆ. ಮಿಂಚುಹುಳುವಿನ ಬೆಳಕು ಬಹಳ ಪ್ರಬಲವಾಗಿದ್ದು ಪೂರ್ಣವಾಗಿ ಆರದಿದ್ದರೆ ಅದು ರೆನಿಲ್ಲಾ ಎಣಿಕೆಗೆ ಸೇರಿಕೊಳ್ಳುತ್ತದೆ. ಇದಕ್ಕಾಗಿ ಮಿಂಚುಹುಳುವಿನ ಪ್ಲಾಸ್ಮಿಡ್ ಮಾತ್ರ ಇರುವ ಒಂದು ಕುಳಿಯನ್ನು ಇಡಬೇಕು. ಅದರ ರೆನಿಲ್ಲಾ ಎಣಿಕೆ ಪ್ಲಾಸ್ಮಿಡ್ ಇಲ್ಲದ ಕೋಶಗಳ ಎಣಿಕೆಯಷ್ಟೇ ಇರಬೇಕು. ಹಾಗೆಯೇ ಅತಿ ಪ್ರಬಲವಾದ ಮಾದರಿಯನ್ನು ಹತ್ತು ಪಟ್ಟು ತೆಳುಗೊಳಿಸಿ ಅಳೆಯಬೇಕು. ಎಣಿಕೆಯೂ ಹತ್ತನೆಯ ಒಂದಕ್ಕೆ ಇಳಿಯದಿದ್ದರೆ ಯಂತ್ರದ ಅಳತೆಯ ಮಿತಿಯನ್ನು ದಾಟಲಾಗಿದೆ ಎಂದು ತಿಳಿಯಬೇಕು.

## ಮಿತಿಗಳು

ಕೋಶದೊಳಗೆ ತಾತ್ಕಾಲಿಕವಾಗಿ ಸೇರಿಸಿದ ಪ್ಲಾಸ್ಮಿಡ್ ವರ್ಣತಂತುವಿನ ಭಾಗವಲ್ಲ. ನಿಜವಾದ ಸೋಂಕಿನಲ್ಲಿ ಎಚ್‌ಐವಿಯ ಡಿಎನ್‌ಎ ಮಾನವ ವರ್ಣತಂತುವಿನೊಳಗೆ ಸೇರಿಕೊಂಡು ಹಿಸ್ಟೋನ್ ಪ್ರೋಟೀನ್‌ಗಳ ಸುತ್ತ ಸುತ್ತಿಕೊಂಡಿರುತ್ತದೆ. ಪ್ರತಿ ಕೋಶದಲ್ಲಿ ಪ್ಲಾಸ್ಮಿಡ್‌ನ ಪ್ರತಿಗಳು ಬಹಳವಾಗಿದ್ದರೆ, ಸೇರಿಕೊಂಡ ವೈರಸ್‌ನ ಪ್ರತಿಗಳು ಕೆಲವೇ. ಆದ್ದರಿಂದ ಈ ಪರೀಕ್ಷೆಯು ಆ ತಾಣವು ಅಭಿವ್ಯಕ್ತಿಯನ್ನು ಹೆಚ್ಚಿಸಬಲ್ಲದು ಎಂದು ತೋರಿಸುತ್ತದೆ, ಸೋಂಕಿತ ವ್ಯಕ್ತಿಯ ಕೋಶದಲ್ಲಿ ಹೆಚ್ಚಿಸುತ್ತಿದೆ ಎಂದು ತೋರಿಸುವುದಿಲ್ಲ. ಎಚ್‌ಇಕೆ293 ಮೂತ್ರಪಿಂಡ ಮೂಲದ ಕೋಶಗಳಾದ್ದರಿಂದ, ವೈರಸ್ ನಿಜವಾಗಿ ವಾಸಿಸುವ ಟಿ ಕೋಶಗಳಲ್ಲಿ ಪ್ರಯೋಗವನ್ನು ಪುನರಾವರ್ತಿಸುವುದೂ ಅಗತ್ಯ.

ಎಲ್‌ಟಿಆರ್‌ನ ಕೊನೆಯ ಭಾಗವು ಆರ್‌ಎನ್‌ಎಯ ಆರಂಭದಲ್ಲಿಯೂ ಸೇರಿರುತ್ತದೆ. ವೈರಸ್‌ನ ಟ್ಯಾಟ್ ಎಂಬ ಪ್ರೋಟೀನ್ ಅಲ್ಲಿಗೆ ಅಂಟಿಕೊಂಡು ಅರ್ಧಕ್ಕೆ ನಿಲ್ಲುವ ಪ್ರತಿಲೇಖನವನ್ನು ಮುಂದುವರಿಸುತ್ತದೆ. ಟ್ಯಾಟ್ ಇಲ್ಲದೆ ಮಾಡಿದ ಪರೀಕ್ಷೆಯು ಪ್ರವರ್ತಕದ ಒಂದು ಮುಖವನ್ನಷ್ಟೇ ಕಾಣಿಸುತ್ತದೆ. ಟ್ಯಾಟ್ ಹೊತ್ತ ಪ್ಲಾಸ್ಮಿಡ್ ಸೇರಿಸಿದಾಗ, ಟ್ಯಾಟ್ ಇಲ್ಲದ ಕುಳಿಗಳಿಗೆ ಅಷ್ಟೇ ಪ್ರಮಾಣದ ಖಾಲಿ ಪ್ಲಾಸ್ಮಿಡ್ ಸೇರಿಸಬೇಕು. ಇದಲ್ಲದೆ, ಬೆಳಕು ಪ್ರತಿಲೇಖನ, ಆರ್‌ಎನ್‌ಎಯ ಬಾಳಿಕೆ ಮತ್ತು ಪ್ರೋಟೀನ್ ತಯಾರಿಕೆ ಇವೆಲ್ಲದರ ಒಟ್ಟು ಫಲ. ವ್ಯತ್ಯಾಸವು ಪ್ರತಿಲೇಖನದ ಹಂತದ್ದೇ ಎಂದು ಹೇಳಲು ಲ್ಯೂಸಿಫರೇಸ್ ಆರ್‌ಎನ್‌ಎಯನ್ನೂ ನೇರವಾಗಿ ಅಳೆಯಬೇಕಾಗುತ್ತದೆ.

ಈ ಮಿತಿಗಳಿಂದಾಗಿ ರಿಪೋರ್ಟರ್ ಪರೀಕ್ಷೆಯನ್ನು ಇತರ ಸಾಕ್ಷ್ಯಗಳ ಜೊತೆಗಿಟ್ಟು ಓದಲಾಗುತ್ತದೆ. 2012ರ ಅಧ್ಯಯನವೂ ಪ್ರವರ್ತಕದ ಬಲದ ಅಳತೆಯೊಂದರಲ್ಲೇ ನಿಲ್ಲಲಿಲ್ಲ. ಎನ್‌ಎಫ್-ಕಪ್ಪಾಬಿಯ ಪಿ50 ಮತ್ತು ಪಿ65 ಘಟಕಗಳ ಜೋಡಿಯು ಆ ತಾಣಕ್ಕೆ ಅಂಟುತ್ತದೆ ಎಂದು ಅದು ತೋರಿಸಿತು. ಉಳಿದೆಲ್ಲದರಲ್ಲಿ ಒಂದೇ ಆಗಿರುವ ಮೂರು ತಾಣಗಳ ಮತ್ತು ನಾಲ್ಕು ತಾಣಗಳ ವೈರಸ್‌ಗಳನ್ನು ಒಟ್ಟಿಗೆ ಬೆಳೆಸಿದಾಗ, ಟಿ ಕೋಶಗಳಲ್ಲಿಯೂ ಪ್ರಾಥಮಿಕ ಕೋಶಗಳಲ್ಲಿಯೂ ಇಲಿಗಳ ಮಾದರಿಯಲ್ಲಿಯೂ ನಾಲ್ಕು ತಾಣಗಳದ್ದು ಮೇಲುಗೈ ಸಾಧಿಸಿತು. ಸೋಂಕಿತರ ರಕ್ತದಲ್ಲಿ ವೈರಸ್‌ನ ಸರಾಸರಿ ಪ್ರಮಾಣವು ನಾಲ್ಕು ತಾಣಗಳ ತಳಿಯಲ್ಲಿ ಭಿನ್ನವಾಗಿತ್ತು, ಸಿಡಿ4 ಕೋಶಗಳ ಸಂಖ್ಯೆಯಲ್ಲಿ ಮಾತ್ರ ಅಂತಹ ಗಣನೀಯ ಭೇದ ಕಾಣಲಿಲ್ಲ.